ಕ್ಯಾಮೆರಾ ಇಳಿಸಿದ ಮೇಲಿನ ಮಾತು

ಮದುವೆ ವಿಡಿಯೊ ತೆಗೆದು ಎಡಿಟ್ ಮಾಡುವವರಿಗೆ ಒಂದು ದುರಭ್ಯಾಸ ಇರುತ್ತದೆ. ಎಲ್ಲ ಮುಗಿಯಿತು ಎಂದು ಜನ ಮೈ ಸಡಿಲ ಬಿಟ್ಟ ಮೇಲೂ ಅವರು ಕ್ಯಾಮೆರಾ ನಿಲ್ಲಿಸುವುದಿಲ್ಲ. ಫೋಟೊಗೆ ನಿಂತಾಗ ಬಾರದ ನಗು, ಬಿಗಿ ಹಿಡಿದಿದ್ದ ಅಳು, ಎರಡೂ ಹೊರಬೀಳುವುದು ಆಗಲೇ ಎಂದು ಅವರಿಗೆ ಗೊತ್ತು. ನಮ್ಮ ಕತ್ತರಿಯಕ್ಕನೂ ಆ ಜಾತಿಗೆ ಸೇರಿದವಳೇ. ಊರಿನ ಅರ್ಧ ಮದುವೆಗಳನ್ನು ಅವಳೇ ಕತ್ತರಿಸಿ ಜೋಡಿಸಿದ್ದರಿಂದ ಆ ಹೆಸರು ಬಂದಿತ್ತು. ಅವಳ ಸ್ವಂತ ಹೆಸರು ಮಾತ್ರ ಯಾವ ವಿಡಿಯೊದಲ್ಲೂ ಬಂದಿರಲಿಲ್ಲ. ಗಂಡಿನ ಕಡೆಯವರ ಹೆಸರು, ಹೆಣ್ಣಿನ ಕಡೆಯವರ ಹೆಸರು, ಕೊನೆಗೆ ಸ್ಟುಡಿಯೊ ಹೆಸರು, ಅಷ್ಟೇ.

ಹಾಗಾಗಿ ಬೀದಿಯ ಗ್ರಂಥಾಲಯದವರು, "ಹಬ್ಬದ ಬಗ್ಗೆ ಹಿರಿಯರ ಬಾಲ್ಯದ ನೆನಪು ಸೇರಿಸಿ ಒಂದು ಪುಟ್ಟ ಚಿತ್ರ ಮಾಡಿಕೊಡಿ, ನಿಮ್ಮ ಹೆಸರೇ ಹಾಕ್ತೀವಿ" ಎಂದಾಗ ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊರಗೆ ಮಾತ್ರ ಏನೂ ಆಗದವಳಂತೆ, "ನೋಡೋಣ, ಪುರುಸೊತ್ತಾದ್ರೆ" ಎಂದಳು.

ಕೆಲಸವನ್ನು ಮಾತ್ರ ಅಚ್ಚುಕಟ್ಟಾಗಿ ಹಮ್ಮಿಕೊಂಡಳು. ಎಲ್ಲರಿಗೂ ಒಂದೇ ಪ್ರಶ್ನೆ: ಹಬ್ಬದ ದಿನ ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದಿರಿ? ಬಂದ ಉತ್ತರಗಳನ್ನು ಬೆಳಗು, ಬಟ್ಟೆ, ಊಟ, ನಿದ್ದೆ ಎಂದು ದಿನದ ಸಾಲಿನಲ್ಲೇ ಜೋಡಿಸುವುದು. ನಡುವೆ ಉಸಿರಾಡಲು ಬೀದಿಯ ಒಂದೊಂದು ನೋಟ. ಕೊನೆಯಲ್ಲಿ ಎಲ್ಲರ ಮುಖಗಳು, ಮಾತಿಲ್ಲದೆ. ಒಪ್ಪಿಗೆಯ ವಿಷಯದಲ್ಲಂತೂ ಅವಳು ಗಟ್ಟಿಗಿತ್ತಿ. ಅಂಗಿಗೆ ಮೈಕ್ ಸಿಕ್ಕಿಸುವ ಮೊದಲೇ ಹೇಳಿಬಿಡುತ್ತಿದ್ದಳು: "ಇದು ಗ್ರಂಥಾಲಯದ ಹಾಲ್‌ನಲ್ಲಿ ತೋರಿಸೋಕೆ, ಬೇರೆ ಎಲ್ಲೂ ಹಾಕಲ್ಲ. ನಿಮ್ಮ ತುಂಡು ಮೊದಲು ನಿಮಗೇ ತೋರಿಸ್ತೀನಿ. ಬೇಡ ಅಂದ್ರೆ ತೆಗೀತೀನಿ, ಯಾಕೆ ಅಂತ ಕೇಳಲ್ಲ." ಅವರು ಒಪ್ಪಿದರೆ ಅದೇ ಮಾತನ್ನು ಕ್ಯಾಮೆರಾ ಎದುರು ಹೇಳಿಸಿಕೊಂಡು ಮುಂದುವರಿಯುತ್ತಿದ್ದಳು.

ಬಸ್ ಸ್ಟಾಪಿನ ಬೆಂಚಿನ ಮೇಲೆ ಗಡಿಯಾರದಜ್ಜ ಸಿಕ್ಕಿದರು. ಜೀವನವಿಡೀ ಗಡಿಯಾರ ರಿಪೇರಿ ಮಾಡಿ, ಈಗ ಬರುವ ಹೋಗುವ ಬಸ್ಸುಗಳ ತಡವನ್ನು ಲೆಕ್ಕ ಹಿಡಿಯುವುದು ಅವರ ಉದ್ಯೋಗ. ಒಪ್ಪಿಗೆ ಕೊಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದರು: "ಮೊದಲು ಹೊಸ ಬಟ್ಟೆ. ನಮ್ಮಮ್ಮ ಎಷ್ಟೇ ಕಷ್ಟ ಇದ್ರೂ ನನಗೂ ನನ್ನ ತಂಗಿಗೂ ಹೊಸ ಬಟ್ಟೆ ತಪ್ಪಿಸ್ತಿರಲಿಲ್ಲ."

"ಆಯ್ತು ಅಜ್ಜ, ಬಹಳ ಚೆನ್ನಾಗಿತ್ತು" ಎಂದು ಕತ್ತರಿಯಕ್ಕ ಕ್ಯಾಮೆರಾ ಇಳಿಸಿದಳು. ಇಳಿಸಿದಳೇ ಹೊರತು ನಿಲ್ಲಿಸಲಿಲ್ಲ. ಕೈಗೆ ಅಂಟಿದ ಚಾಳಿ, ಬಿಡು ಎಂದರೆ ಬಿಡುತ್ತದೆಯೇ?

ಅಜ್ಜ ನಕ್ಕು ದನಿ ತಗ್ಗಿಸಿದರು. "ಹೊಸದು ಎಲ್ಲಿಂದ ಬರಬೇಕಮ್ಮ? ಒಂದು ವರ್ಷ ಹೊಸದಾದ್ರೆ ಮರುವರ್ಷ ಅದನ್ನೇ ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಹೊಲೀತಿದ್ರು. ಒಳಗಡೆ ಬಣ್ಣ ಮಾಸಿರಲ್ಲ ನೋಡು. ಹೊಲಿಗೆ ಬಿಚ್ಚೋ ಕೆಲಸ ನಂದು. ತಂಗಿಗೆ ಹೇಳಿದ್ರೆ ನಿನ್ನ ಚರ್ಮ ಸುಲೀತೀನಿ ಅಂತಿದ್ರು ಅಮ್ಮ. ನಾನು ಇವತ್ತಿನವರೆಗೂ ಹೇಳಿಲ್ಲ."

ಸ್ಟುಡಿಯೊದಲ್ಲಿ ಅದನ್ನು ತೆರೆದು ನೋಡಿದಾಗ ಚಿತ್ರದಲ್ಲಿ ಫುಟ್‌ಪಾತೂ ಅಜ್ಜನ ಚಪ್ಪಲಿಯೂ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಮೈಕ್ ಅಂಗಿಯಲ್ಲೇ ಇತ್ತು, ದನಿ ಸ್ಪಷ್ಟವಾಗಿತ್ತು. ಸವೆದ ಚಪ್ಪಲಿ, ಮೇಲೆ ಆ ಮಾತು. ಇಷ್ಟು ವರ್ಷ ಸ್ಲೋ ಮೋಷನ್‌ನಲ್ಲಿ ಹಾರ ಬದಲಾಯಿಸುವ ದೃಶ್ಯಗಳನ್ನೇ ಕತ್ತರಿಸಿದವಳ ಪಾಲಿಗೆ ಇದು ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗೆ. ಇನ್ನೊಂದು ವಿಷಯವೂ ಇತ್ತು. ಹಿಂದಿನ ಬೀದಿಯ ನಿವೃತ್ತ ಟೀಚರಜ್ಜಿ ಆ ಅಜ್ಜನ ತಂಗಿಯೇ. ಅವರೂ ಆಗಲೇ ಮಾತಾಡಿದ್ದರು: "ಪ್ರತಿ ಹಬ್ಬಕ್ಕೂ ಹೊಸ ಲಂಗ. ನಮ್ಮಮ್ಮ ಒಂದು ವರ್ಷಾನೂ ತಪ್ಪಿಸಿಲ್ಲ." ತಂಗಿಯ ಮಾತು, ಹಿಂದೆಯೇ ಚಪ್ಪಲಿಯ ಮೇಲೆ ಅಣ್ಣನ ದನಿ. ಜೋಡಿಸಿ ನೋಡಿದಳು, ಕಣ್ಣು ತುಂಬಿ ಬಂತು. ಚಿತ್ರದ ಜೀವವೇ ಅದು. ಅದಿಲ್ಲದಿದ್ದರೆ ಉಳಿದದ್ದು ನಾಲ್ಕು ಜನ ಸಿಹಿ ತಿಂದ ಕಥೆ.

ಅಜ್ಜ ಒಪ್ಪಿದ್ದರಲ್ಲ ಎಂದು ತನಗೇ ಸಮಾಧಾನ ಹೇಳಿಕೊಂಡಳು. ಒಪ್ಪಿದ್ದು ಕ್ಯಾಮೆರಾ ಇಳಿಸುವವರೆಗಿನ ಮಾತಿಗೆ ಎಂದು ಅವಳಿಗೂ ಗೊತ್ತಿತ್ತು. ಕೊನೆಗೆ ಲ್ಯಾಪ್‌ಟಾಪ್ ಬಗಲಿಗಿಟ್ಟುಕೊಂಡು ಬಸ್ ಸ್ಟಾಪಿಗೆ ನಡೆದಳು.

ಅಜ್ಜ ತಮ್ಮ ತುಂಡನ್ನು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. "ಅದು ನಿನಗೆ ಹೇಳಿದ್ದು ಕಣಮ್ಮ, ಕ್ಯಾಮೆರಾಗಲ್ಲ. ನನ್ನ ತಂಗಿ ಮುಂದಿನ ಸಾಲಲ್ಲೇ ಬಂದು ಕೂರ್ತಾಳೆ. ಅವಳ ಹೊಸ ಲಂಗ ಈ ವಯಸ್ಸಲ್ಲಿ ನಾನು ಕಿತ್ಕೊಳ್ಳಲಾ? ತೆಗೆದುಬಿಡು."

"ತಪ್ಪಾಯ್ತು ಅಜ್ಜ" ಎಂದಳು. ಅಲ್ಲೇ ಬೆಂಚಿನ ಮೇಲೆ ಕುಳಿತು, ಅವರ ಕಣ್ಣೆದುರೇ ಆ ಭಾಗವನ್ನು ಅಳಿಸಿದಳು. ಅಳಿಸುವಾಗ ಅವಳ ಮುಖ ಹುಳ್ಳಗಾದದ್ದನ್ನು ನೋಡಿ ಅಜ್ಜನೇ ಅವಳಿಗೆ ಟೀ ಕೊಡಿಸಬೇಕಾಯಿತು.

ಮರುದಿನ ಟೀಚರಜ್ಜಿಗೆ ಅವರ ತುಂಡನ್ನು ತೋರಿಸಲು ಹೋದಳು. ಈ ಸಲ ಕ್ಯಾಮೆರಾ ಚೀಲದ ಒಳಗೇ ಇತ್ತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಚೆನ್ನಾಗಿದೆ, ಹಾಕು" ಎಂದರು. ಆಮೇಲೆ ಮೆಲ್ಲಗೆ, "ನಮ್ಮಣ್ಣ ಏನಂದ?" ಎಂದರು.

"ಒಬ್ಬರದ್ದು ಇನ್ನೊಬ್ಬರಿಗೆ ಈಗಲೇ ತೋರಿಸಲ್ಲ ಟೀಚರ್. ಹಾಲ್‌ನಲ್ಲೇ ನೋಡಿ."

"ಅವನೂ ಹೊಸ ಬಟ್ಟೆ ಅಂತಲೇ ಅಂದಿರ್ತಾನೆ ಬಿಡು." ಅಜ್ಜಿ ತಮ್ಮ ಸೆರಗನ್ನು ನೀವಿಕೊಂಡರು. "ನನಗೊಂದು ಜೇಬಿನ ಲಂಗ ಇತ್ತು. ಜೇಬು ಎಡಗಡೆ. ಮುಂದಿನ ಹಬ್ಬಕ್ಕೆ ಹೊಸ ಲಂಗ ಬಂತು. ಸಿಹಿ ತುರುಕೋಣ ಅಂತ ಎಡಗೈ ಹಾಕ್ತೀನಿ, ಜೇಬೇ ಇಲ್ಲ. ಬಲಗಡೆಗೆ ಬಂದುಬಿಟ್ಟಿದೆ. ಬಟ್ಟೆ ತಿರುವಿ ಹೊಲಿದ್ರೆ ಎಡ ಬಲಕ್ಕೆ ಬರುತ್ತಲ್ಲ. ಅವತ್ತೇ ಗೊತ್ತಾಯ್ತು. ಅಣ್ಣನ ಬೆರಳಲ್ಲಿ ಬ್ಲೇಡಿನ ಗೀರು ಯಾಕಿರ್ತಿತ್ತು ಅಂತಲೂ ಗೊತ್ತಾಯ್ತು."

ಕತ್ತರಿಯಕ್ಕನ ಕೈ ಚೀಲದ ಜಿಪ್ಪಿಗೆ ಹೋಯಿತು, ಅಲ್ಲೇ ನಿಂತಿತು. "ಟೀಚರ್, ಇದನ್ನ ಕ್ಯಾಮೆರಾ ಮುಂದೆ ಹೇಳ್ತೀರಾ?" ಎಂದು ಬಾಯಿಬಿಟ್ಟು ಕೇಳಿದಳು.

"ಬೇಡಮ್ಮ. ನನಗೆ ಗೊತ್ತಿಲ್ಲ ಅಂತ ಪಾಪ ಅವನು ನಂಬ್ಕೊಂಡಿದ್ದಾನೆ. ಎಷ್ಟು ವರ್ಷದಿಂದ ಕಾಪಾಡ್ಕೊಂಡು ಬಂದಿರೋದು. ನಾನು ಯಾಕೆ ಕೆಡಿಸಲಿ?"

ಕತ್ತರಿಯಕ್ಕ ಜಿಪ್ಪಿನಿಂದ ಕೈ ತೆಗೆದಳು. ಮನೆಗೆ ಬಂದು ಚಿತ್ರವನ್ನು ಮೊದಲಿನಿಂದ ಜೋಡಿಸಿದಳು. ಬಟ್ಟೆಯ ಭಾಗದಲ್ಲಿ ಅಣ್ಣನ 'ಹೊಸ ಬಟ್ಟೆ'ಯ ಮಾತನ್ನೂ ತಂಗಿಯ 'ಹೊಸ ಲಂಗ'ದ ಮಾತನ್ನೂ ಒಂದರ ಹಿಂದೆ ಒಂದು ಇಟ್ಟಳು. ಕೊನೆಯ ಮುಖಗಳಲ್ಲೂ ಅವರಿಬ್ಬರನ್ನು ಅಕ್ಕಪಕ್ಕ ಇಟ್ಟಳು. ನೋಡುವವರಿಗೆ ಅದರಲ್ಲಿ ಏನೂ ವಿಶೇಷ ಕಾಣುವಂತಿರಲಿಲ್ಲ.

ಪ್ರದರ್ಶನದ ದಿನ ಗ್ರಂಥಾಲಯದ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಣ್ಣ, ತಂಗಿ. ಅಣ್ಣನ ಪಕ್ಕದ ಕುರ್ಚಿಯಲ್ಲಿ ಕತ್ತರಿಯಕ್ಕ. ಚಿತ್ರ ಶುರುವಾಗುವ ಮೊದಲೇ ಪರದೆಯ ಮೇಲೆ ಅವಳ ಹೆಸರು ಬಂತು. ಅದನ್ನು ಅವಳು ಸರಿಯಾಗಿ ನೋಡಲೂ ಇಲ್ಲ. ಬಟ್ಟೆಯ ಭಾಗ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದಳು.

ಪರದೆಯ ಮೇಲೆ ಅಣ್ಣ, "ಹೊಸ ಬಟ್ಟೆ ತಪ್ಪಿಸ್ತಿರಲಿಲ್ಲ" ಎಂದರು. ಕುರ್ಚಿಯಲ್ಲಿದ್ದ ತಂಗಿ ತಲೆಯಾಡಿಸಿ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಹಿಂದೆಯೇ ಪರದೆಯ ಮೇಲೆ ತಂಗಿ, "ಒಂದು ವರ್ಷಾನೂ ತಪ್ಪಿಸಿಲ್ಲ" ಎಂದರು.

ಅಜ್ಜ ಕತ್ತರಿಯಕ್ಕನ ಕಡೆ ವಾಲಿ, ಕಿವಿಯಲ್ಲಿ ಹೆಮ್ಮೆಯಿಂದ ಪಿಸುಗುಟ್ಟಿದರು: "ನೋಡಿದ್ಯಾ? ಇವತ್ತಿಗೂ ಅವಳಿಗೆ ಗೊತ್ತಿಲ್ಲ."

"ಹೂಂ ಅಜ್ಜ" ಎಂದಳು ಕತ್ತರಿಯಕ್ಕ.