ಕೌದಿಯ ಮೇಲೆ ಸಿಕ್ಕ ಹುಳ

ನಿವೃತ್ತಿಯಾದ ಮೇಲೆ ನನಗೆ ಹತ್ತಿದ ಚಟ ಒಂದೇ. ಸಣ್ಣದನ್ನು ದೊಡ್ಡದು ಮಾಡಿ ವಿಡಿಯೊ ತೆಗೆಯುವುದು. ಹೈದರಾಬಾದಿನ ಒಂದು ಸರಕಾರಿ ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳ ಬೆಸುಗೆ ಪರೀಕ್ಷಿಸುತ್ತ ಆಯುಷ್ಯ ಕಳೆದವಳು ನಾನು. ಮೈಕ್ರೊಸ್ಕೋಪು ಅಲ್ಲೇ ಉಳಿಯಿತು, ಇಣುಕಿ ನೋಡುವ ಬುದ್ಧಿ ಮಾತ್ರ ನನ್ನ ಜೊತೆ ಮಲ್ಕಾಜ್‌ಗಿರಿಯ ಮನೆಗೆ ಬಂತು. ಹಾಗಾಗಿ ಫೋನಿನ ಕ್ಯಾಮೆರಾಕ್ಕೆ ಸಿಕ್ಕಿಸುವ ಪುಟ್ಟ ಮ್ಯಾಕ್ರೊ ಲೆನ್ಸು ಕೊಂಡೆ. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದೇ ಒಂದು ಕ್ಲಿಪ್ಪು, ಅದರ ತುದಿಯಲ್ಲಿ ಗಾಜು. ಅದರಿಂದ ಇರುವೆಯ ಮೀಸೆ, ಹಳೇ ರೇಡಿಯೊದ ಬೋರ್ಡಿನ ಬೆಸುಗೆ, ತುಳಸಿ ಎಲೆಯ ಮೇಲಿನ ಹೇನು ಎಲ್ಲ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಯಾರೂ ನೋಡುತ್ತಿರಲಿಲ್ಲ. "ಅವ್ವಾ, ಮುಂಜಾನೆ ಎದ್ದ ಕೂಡ್ಲೆ ನೊಣದ ಮಾರಿ ತೋರಿಸಬ್ಯಾಡವಾ" ಎಂದು ಮಗಳು ಬೈದದ್ದೂ ಆಯಿತು.

ಆ ಮಗಳಿಗೆ ಹೆರಿಗೆಯಾಗಿ, ನಾನು ಕೊಂಡಾಪುರದ ಅವಳ ಫ್ಲ್ಯಾಟಿನಲ್ಲಿ ಬಾಣಂತನಕ್ಕೆ ಇದ್ದೆ. ಅಳಿಯ ತೆಲುಗಿನವನು. ಅವನ ತಾಯಿ, ನನ್ನ ಬೀಗಿತಿ, ಕೂಡ ಅಲ್ಲೇ ಇದ್ದರು. ಒಳ್ಳೆಯ ಹೆಂಗಸು, ಆದರೆ ಸ್ವಚ್ಛತೆಯ ವಿಷಯ ಬಂದರೆ ದೇವರನ್ನೂ ತೊಳೆದೇ ಒಳಗೆ ಬಿಡುವವರು. ಅಷ್ಟರಲ್ಲಿ ರಾಯಚೂರು ಕಡೆಯಿಂದ ನನ್ನ ಅಕ್ಕ ಮಗುವನ್ನು ನೋಡಲು ಬಂದಳು. ಒಂದು ಕೈಯಲ್ಲಿ ಜೋಳದ ಚೀಲ, ಇನ್ನೊಂದು ಕೈಯಲ್ಲಿ ಕೌದಿ. ನಮ್ಮ ಕಡೆ ಹಳೇ ಸೀರೆಗಳನ್ನು ಪದರ ಪದರ ಹಾಕಿ ಹೊಲಿಯುವ ಹಾಸಿಗೆ ಅದು. ನಮ್ಮವ್ವನ ಇಳಕಲ್ ಸೀರೆ, ನನ್ನ ಮದುವೆಯ ಹಸಿರು ಸೀರೆ, ತನ್ನವೆರಡು, ಎಲ್ಲ ಸೇರಿಸಿ ಚಳಿಗಾಲವಿಡೀ ಕೂತು ಹೊಲಿದಿದ್ದಳು. ಸೂಜಿ ಚುಚ್ಚಿ ಚುಚ್ಚಿ ಅವಳ ಹೆಬ್ಬೆರಳು ಗಂಟುಗಟ್ಟಿತ್ತು. ಮಗುವನ್ನು ಅದರ ಮೇಲೆ ಮಲಗಿಸಿದಾಗ ಅಕ್ಕನ ಮುಖ ನೋಡಬೇಕಿತ್ತು.

ಮರುದಿನ ಮಗುವಿನ ಕೆನ್ನೆಯ ಮೇಲೂ ಕೈಯ ಮೇಲೂ ಕೆಂಪು ಗುಳ್ಳೆಗಳೆದ್ದವು. ಬೀಗಿತಿ ಕೌದಿ ಎತ್ತಿ ನೋಡಿದರೆ ಮಡಿಕೆಯಲ್ಲೊಂದು ಕಂದು ಹುಳ! "ನಲ್ಲಿ! ನಲ್ಲಿ!" ಎಂದು ತೆಲುಗಿನಲ್ಲಿ ಕೂಗಿದರು. ನಲ್ಲಿ ಅಂದರೆ ತಗಣಿ. ಫ್ಲ್ಯಾಟಿನಲ್ಲಿ ತಗಣಿ ಹೊಕ್ಕಿತು ಅಂದರೆ ಮಂಚ, ಗೋಡೆ, ನೆರೆಮನೆ ಒಂದನ್ನೂ ಬಿಡುವುದಿಲ್ಲ. ಕೌದಿ ಎತ್ತಿದ ರಭಸಕ್ಕೆ ನೆಲಕ್ಕೆ ಬಿದ್ದ ಹುಳದ ಮೇಲೆ ಮಗಳು ಗಾಜಿನ ಲೋಟ ಬೋರಲು ಹಾಕಿದಳು. ಬೀಗಿತಿ ಕೌದಿಯನ್ನು ಕಸದ ಕರೀ ಚೀಲಕ್ಕೆ ತುರುಕಿ ಬಾಯಿ ಕಟ್ಟಿದರು. ಕಸದವನು ಬರುವ ಹೊತ್ತಾಗಿತ್ತು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ತೆಲುಗು ಬರದಿದ್ದರೂ ಅವಳಿಗೆ ಅರ್ಥವಾಗದ್ದು ಏನೂ ಇರಲಿಲ್ಲ.

"ರೈಲಿನ್ಯಾಗಿಂದ ಹತ್ತಿ ಬಂದಿರಬೇಕು ತಂಗಿ. ಕೂಸಿಗೆ ಕಡಿಸಿದೆ ನಾ. ಸಂಜಿ ಗಾಡಿಗೆ ಹೊಂಡ್ತೀನಿ" ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಯಾರೂ ಚೀಲ ಮುಟ್ಟಬ್ಯಾಡ್ರಿ. ನೋಡದ ಬೋರ್ಡು ನಾ ಎಂದೂ ಫೇಲ್ ಮಾಡಿಲ್ಲ, ನೋಡದ ಹುಳಾನೂ ಮಾಡಂಗಿಲ್ಲ" ಅಂದೆ. ಮಗಳು ಹಣೆ ಹಣೆ ಬಡಿದುಕೊಂಡು, "ಈಗೂ ನಿನ್ನ ವಿಡಿಯೊನಾ ಅವ್ವಾ" ಅಂದಳು. ಬಾಯಲ್ಲಿ ಜೋರು ಮಾಡಿದೆನಾದರೂ ಒಳಗೊಳಗೇ ನನಗೂ ಪುಕುಪುಕು. ನಿಜವಾಗಿ ತಗಣಿಯೇ ಆಗಿದ್ದರೆ? ಆಗ ಅಕ್ಕನ ತಪ್ಪನ್ನು ಕೈಯಾರೆ ದೊಡ್ಡದು ಮಾಡಿ ತೋರಿಸಿದ ಹಾಗಾಗುತ್ತಿತ್ತು.

ಹುಳವನ್ನು ಡಬ್ಬಿಯ ಮುಚ್ಚಳಕ್ಕೆ ಇಳಿಸಿದೆ. ಎರಡು ಕಡೆ ಪುಸ್ತಕ ಪೇರಿಸಿ, ನಡುವೆ ಫೋನು ಅಡ್ಡ ಮಲಗಿಸಿ, ಲೆನ್ಸು ಕೆಳಮುಖವಾಗುವಂತೆ ಇಟ್ಟೆ. ಈ ಲೆನ್ಸಿಗೆ ಎರಡು ಬೆರಳಿನಗಲದಷ್ಟು ದೂರದಲ್ಲಿ ಮಾತ್ರ ಸ್ಪಷ್ಟ ಕಾಣುತ್ತದೆ. ಕೂದಲೆಳೆಯಷ್ಟು ಆಚೀಚೆಯಾದರೂ ಎಲ್ಲ ಮಬ್ಬು. ಫೋನನ್ನು ಅಲುಗಿಸುವ ಬದಲು ಮುಚ್ಚಳದ ಕೆಳಗೆ ಹಳೇ ಲಗ್ನಪತ್ರಿಕೆಗಳನ್ನು ಒಂದೊಂದಾಗಿ ತೂರಿಸಿ ಹುಳವನ್ನೇ ಮೇಲೆತ್ತಿದೆ. ನೇರ ಬೆಳಕು ಬಿದ್ದರೆ ಹುಳದ ಬೆನ್ನು ಮಿಂಚಿ ಏನೂ ಕಾಣುವುದಿಲ್ಲ, ಅದಕ್ಕೆ ಟಾರ್ಚಿನ ಮುಂದೆ ಟಿಶ್ಯೂ ಕಾಗದ ಹಿಡಿದು ಪಕ್ಕದಿಂದ ಬೆಳಕು ಬಿಟ್ಟೆ. ಮೊದಲೇ ರೆಕಾರ್ಡು ಒತ್ತಿ ಕೈ ತೆಗೆದೆ.

ಪರದೆಯ ಮೇಲೆ ಕಂಡದ್ದು ಕಾಲೂ ಇಲ್ಲದ, ತಲೆಯೂ ಇಲ್ಲದ ಒಂದು ಕಂದು ಗೋಲಿ. ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಬೀಗಿತಿ "ನೋಡಿ ವದಿನಾ, ತಗಣಿಯೇ" ಎಂದು ನಿಟ್ಟುಸಿರುಬಿಟ್ಟರು. ವದಿನಾ ಅಂದರೆ ಅತ್ತಿಗೆ, ನನ್ನನ್ನು ಅವರು ಕರೆಯುವುದೇ ಹಾಗೆ. ಕಾಲು ಮಡಚಿ ಸತ್ತಂತೆ ಬಿದ್ದಿತ್ತು, ಕಳ್ಳ ಹುಳ. ಫೋಟೊ ತೆಗೆದಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ವಿಡಿಯೊ ಓಡುತ್ತಿತ್ತು, ಓಡಲಿ ಎಂದು ಬಿಟ್ಟೆ. ಉಸಿರು ತಾಗಿದರೂ ಚಿತ್ರ ಅಲ್ಲಾಡುತ್ತದೆಂದು ಸೆರಗು ಬಾಯಿಗೊತ್ತಿಕೊಂಡು ಕೂತೆ. ಹೊರಗೆ ಕಸದವನ ಗಂಟೆ ಕೇಳಿಸಿತು. ಬೀಗಿತಿಯ ಕಣ್ಣು ಚೀಲದ ಮೇಲೆ, ನನ್ನ ಕಣ್ಣು ಪರದೆಯ ಮೇಲೆ. ಏಳೋ ಮಾರಾಯಾ, ನಿನ್ನ ಕಾಲಿಗೆ ಬೀಳ್ತೀನಿ, ಎಂದು ಹುಳವನ್ನೇ ಬೇಡಿಕೊಂಡೆ.

ಒಂದು ಕಾಲು ಮೆಲ್ಲಗೆ ಬಿಚ್ಚಿತು. ಆಮೇಲೆ ಇನ್ನೊಂದು. ಹುಳ ಮಗ್ಗುಲು ತಿರುಗಿ ಎದ್ದು ನಿಂತು ತಲೆ ಎತ್ತಿತು. ತಲೆಯ ಮುಂದೆ ಉದ್ದ, ಬಾಗಿದ ಸೊಂಡಿಲು! ಸೊಂಡಿಲ ಎರಡೂ ಕಡೆ ಮೊಣಕೈ ಮಡಚಿದಂಥ ಮೀಸೆ. ಬೆನ್ನ ಮೇಲೆ ನಾಲ್ಕು ಮಸುಕು ಹಳದಿ ಚುಕ್ಕೆ, ಎರಡು ಗಟ್ಟಿ ರೆಕ್ಕೆಕವಚ. ತಗಣಿಗೆಲ್ಲಿಯ ರೆಕ್ಕೆ, ಎಲ್ಲಿಯ ಸೊಂಡಿಲು!

ನಾನು ಬಾಯಿ ತೆರೆಯುವ ಮೊದಲೇ ಬೀಗಿತಿ ಫೋನಿನ ಮೇಲೆ ಬಗ್ಗಿದರು. "ಅಯ್ಯೋ, ಇದಿ ಬಿಯ್ಯಂ ಪುರುಗು ಕದಾ!" ಅಂದರು. ಅಕ್ಕಿಯಲ್ಲಿ ಬೀಳುವ ಹುಳ. ಅವರೇ ವರ್ಷವಿಡೀ ಮೊರದಲ್ಲಿ ಕೇರಿ ಬಿಸಾಡುವ ಹುಳ. ಅಕ್ಕಿಗೂ ಬೀಳುತ್ತದೆ, ಜೋಳಕ್ಕೂ ಬೀಳುತ್ತದೆ. ಅಕ್ಕ ರೈಲಿನಲ್ಲಿ ಜೋಳದ ಚೀಲದ ಮೇಲೆಯೇ ಕೌದಿ ಇಟ್ಟುಕೊಂಡು ಬಂದಿದ್ದಳು, ಒಂದು ಹತ್ತಿಕೊಂಡಿತ್ತು, ಅಷ್ಟೇ. ಕಾಳು ಬಿಟ್ಟು ಕೂಸನ್ನು ಕಡಿಯುವ ಜಾತಿಯಲ್ಲ ಅದು. ಹಾಗಾದರೆ ಕಡಿದದ್ದು ಯಾವುದು ಎಂದು ಅಳಿಯ ಕಿಟಕಿಯ ಪರದೆ ಸರಿಸಿ ನೋಡಿದ. ಕಿಟಕಿಯ ಸೊಳ್ಳೆಜಾಲರಿ ಮೂಲೆಯಲ್ಲಿ ಕಿತ್ತು ಹೋಗಿತ್ತು, ಪರದೆಯ ಹಿಂದೆ ಸೊಳ್ಳೆಗಳು ರಕ್ತ ಕುಡಿದು ಜಡವಾಗಿ ಕೂತಿದ್ದವು.

ಅಲ್ಲೇ ನೆಲದ ಮೇಲೆ ಕೂತು ನಗಲು ಶುರುಮಾಡಿದೆ, ಮಗಳಿಗೂ ನಗು ಬಂತು. ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದ ಹಾಗಾಗಿತ್ತು. ಅಕ್ಕನಿಗೆ ವಿಡಿಯೊ ತೋರಿಸಿದೆ. "ಯವ್ವಾ, ಆನಿ ಇದ್ದಂಗ ಐತಲ್ಲ! ಇದಕ್ಕ ನಾ ಊರಿಗೆ ಹೊಂಟಿದ್ನಾ?" ಎಂದು ಅವಳೂ ನಕ್ಕಳು. ಆದರೆ ಕಟ್ಟಿಟ್ಟ ತನ್ನ ಕೈಚೀಲವನ್ನು ಬಿಚ್ಚಲಿಲ್ಲ.

ಬೀಗಿತಿ ಅದನ್ನು ನೋಡಿದರು. ಕರೀ ಚೀಲದ ಗಂಟು ಬಿಚ್ಚಿ, ಕೌದಿಯನ್ನು ಬಾಲ್ಕನಿಯಲ್ಲಿ ಜಾಡಿಸಿ, ಬಿಸಿಲಿಗೆ ಹಾಕಿದರು. ಆಮೇಲೆ ಒಳಗೆ ಹೋಗಿ ತಮ್ಮ ಪೆಟ್ಟಿಗೆಯಿಂದ ಮೆತ್ತಗಾದ ಒಂದು ನೀಲಿ ಸೀರೆ ತಂದು ಅಕ್ಕನ ಮುಂದೆ ಕೂತರು. ನನ್ನ ಕಡೆ ತಿರುಗಿ, "ಕೂಸಿನ ಕೌದಿಯಲ್ಲಿ ಎಲ್ಲ ನಿಮ್ಮ ಕಡೆಯ ಸೀರೆಗಳೇ ಇವೆ, ನನ್ನದೂ ಒಂದು ತುಂಡು ಹಾಕುತ್ತಾರಾ ಕೇಳಿ ವದಿನಾ" ಅಂದರು.

ಅದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅಕ್ಕ ಸೀರೆಯನ್ನು ತೊಡೆಯ ಮೇಲೆ ಹರಡಿ ಅಂಚು ಸವರಿದಳು. ಆಮೇಲೆ ಕೈಚೀಲ ಹತ್ತಿರ ಎಳೆದುಕೊಂಡು, ಬಿಚ್ಚಿ, ಸೂಜಿ ದಾರ ತೆಗೆದಳು.