ಕಳಸ ಹಿಡಿಯುವವಳ ರಜಾ ಅರ್ಜಿ

ನಾನು ಓದು ಬಿಟ್ಟದ್ದು ೨೦೦೮ರಲ್ಲಿ, ಎಂಟನೇ ತರಗತಿಯ ನಡುವೆ. ಅಪ್ಪ ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ನಾನು ಹೊನ್ನಾವರದ ಒಂದು ವೆಲ್ಡಿಂಗ್ ಶಾಪಿಗೆ ಸೇರಿದೆ. ಅದಕ್ಕೆ ನನಗೆ ಬೇಸರವಿಲ್ಲ. ಹೆದ್ದಾರಿಯಲ್ಲಿ ಹೋಗುವಾಗ ನಾನು ಕೂಡಿಸಿದ ಗೇಟುಗಳನ್ನು ಬೈಕಿನ ಮೇಲಿಂದಲೇ ಗುರುತಿಸುತ್ತೇನೆ. ಅರ್ಜಿ ಬರೆಯುವುದಕ್ಕೂ ಕಸುಬು ಬೇಕು ಎಂದು ಗೊತ್ತಾದದ್ದು ಮಾತ್ರ ನನ್ನ ಮದುವೆಯ ಹೊತ್ತಿಗೆ, ತಂಗಿಯಿಂದ.

ಅವಳು ಕುಮಟಾದಲ್ಲಿ ಎಂ.ಕಾಂ. ಓದುತ್ತಿದ್ದಳು. ನನಗೆ ನಿಶ್ಚಯವಾದ ಹುಡುಗಿ ಭಟ್ಕಳದ ಕಡೆಯವಳು. ಇಡಗುಂಜಿಯಲ್ಲಿ ಶುಕ್ರವಾರ ಮುಹೂರ್ತ ಎಂದು ಎರಡೂ ಮನೆಯವರು ಒಪ್ಪಿದರು. ಆಮೇಲೆ ಕಾಲೇಜಿನಲ್ಲಿ ಟೆಸ್ಟಿನ ದಿನ ಹಾಕಿದರು: ಅದೇ ಶುಕ್ರವಾರ. ಗುರುವಾರ ಅವಳ ಸೆಮಿನಾರು. ಶನಿವಾರ ಎರಡು ಅಸೈನ್‌ಮೆಂಟು ಕೊಡಬೇಕು. ಹೇಳದೆ ಕೇಳದೆ ಟೆಸ್ಟು ತಪ್ಪಿಸಿದರೆ ಅದರ ಅಂಕ ಹೋದಂತೆಯೇ. ಅವಳು ಬರದಿದ್ದರೆ ಮಂಟಪದಲ್ಲಿ ನನ್ನ ಬೆನ್ನಿಗೆ ಕಳಸ ಹಿಡಿದು ನಿಲ್ಲುವವರು ಯಾರು? ಅದನ್ನು ಮದುಮಗನ ತಂಗಿಯೇ ಹಿಡಿಯಬೇಕು; ನನಗಿರುವುದು ಒಬ್ಬಳೇ ತಂಗಿ.

“ಜ್ವರ ಅಂತ ಬರ್ದು ಕೊಡೆ,” ಎಂದಳು ಅಮ್ಮ, ನಮ್ಮ ಆಯಿ.

“ಜ್ವರ ಬಂದವ್ಳ ಕೈಮೇಲೆ ಮದರಂಗಿ ಎಂತಕ್ಕೆ ಬಂತು ಕೇಳಿದ್ರೆ?” ಎಂದಳು ತಂಗಿ.

ಅವಳು ನಿಜವನ್ನೇ ಬರೆದಳು. ಬರೆದದ್ದನ್ನು ನನಗೆ ಓದಿ ಹೇಳಿದಳು. ಅಣ್ಣನ ಮದುವೆ, ಬುಧವಾರದಿಂದ ಶನಿವಾರದವರೆಗೆ ರಜೆ ಬೇಕು, ಇಷ್ಟು ಎರಡೇ ಸಾಲು. ಉಳಿದದ್ದೆಲ್ಲ ತಪ್ಪುವ ಕೆಲಸದ ವಿಚಾರ. ಒಂದು ಅಸೈನ್‌ಮೆಂಟು ಮುಗಿದಿದೆ, ಇದರ ಜೊತೆಗೇ ಕೊಡುತ್ತಿದ್ದೇನೆ. ಸೆಮಿನಾರಿನ ಸರದಿಯನ್ನು ಗೆಳತಿ ಬದಲಾಯಿಸಿಕೊಂಡಿದ್ದಾಳೆ, ಅವಳ ಸಹಿ ಕೆಳಗಿದೆ. ಪಾಠದ ನೋಟ್ಸನ್ನು ಅವಳಿಂದಲೇ ಪಡೆಯುತ್ತೇನೆ. ಟೆಸ್ಟನ್ನು ತಾವು ಹೇಳಿದ ದಿನ, ಬೇರೆ ಪ್ರಶ್ನೆಪತ್ರಿಕೆಯಲ್ಲಿ ಬರೆಯಲು ಅವಕಾಶ ಕೊಡಬೇಕು. ಕೊನೆಗೆ, ಎರಡನೇ ಅಸೈನ್‌ಮೆಂಟನ್ನು ಮದುವೆ ಮನೆಯಲ್ಲೇ ಬರೆದು ಶನಿವಾರವೇ ಕಳಿಸುತ್ತೇನೆ.

ಈ ಕೊನೆಯ ಸಾಲು ನನ್ನದು. “ಕೇಳೂಕೆ ಹೋದವ್ರು ಹೆಚ್ಚೇ ಒಪ್ಕೋಬೇಕು,” ಎಂದು ನಾನೇ ಬರೆಸಿದ್ದೆ. ಗಿರಾಕಿಗಳಿಗೂ ನಾನು ಹೀಗೆಯೇ, ಹತ್ತು ದಿನ ಹಿಡಿಯುವ ಗೇಟನ್ನು ನಾಲ್ಕೇ ದಿನದಲ್ಲಿ ಕೊಡುತ್ತೇನೆ ಎನ್ನುತ್ತಿದ್ದೆ.

ಬೈಕಿನಲ್ಲಿ ಇಬ್ಬರೂ ಕುಮಟಾಕ್ಕೆ ಹೋದೆವು. ಮೂಲೆಗೆ ಅರಿಶಿನ ಹಚ್ಚಿ, ರಜೆ ಕೊಡಬೇಕಾದ ಪ್ರೊಫೆಸರರ ಹೆಸರು ಬರೆದ ಲಗ್ನಪತ್ರಿಕೆ ನನ್ನ ಜೇಬಿನಲ್ಲಿತ್ತು. ಕಾಲೇಜಿನ ಮೆಟ್ಟಿಲ ಬಳಿ ತಂಗಿ ನನ್ನ ಎದುರಿಗೆ ನಿಂತಳು.

“ಅಣ್ಣಾ, ನೀನು ಹೊರಗೇ ಇರು. ಮದ್ವೆ ಕಾಗದ ಈಗ ಕೊಡೂದು ಬ್ಯಾಡ.”

“ಎಂತಕ್ಕೆ? ಮದ್ವೆಗೆ ಕರೀದೆ ರಜೆ ಕೇಳೂದಾ? ಮರ್ಯಾದಿ ಬ್ಯಾಡ್ವಾ?”

“ಪುರಾವೆಗೆ ಅದ್ರ ಝೆರಾಕ್ಸ್ ಅರ್ಜಿಗೆ ಹಚ್ಚಿದ್ದೆ. ನೀನು ಅರಿಶಿನ ಹಚ್ಚಿದ್ದು ಹಿಡ್ಕಂಡು ಕೈಮುಗಿದು ನಿಂತ್ರೆ ಸರ್ ಇಲ್ಲ ಅಂಬೂದು ಹ್ಯಾಂಗೆ? ಮೊದ್ಲು ಅವ್ರು ತೀರ್ಮಾನ ಮಾಡ್ಲಿ. ಆಮೇಲೆ ಕರಿ.”

ನನಗೆ ಸಿಟ್ಟು ಬಂತು. ಮದುಮಗನನ್ನು ಬಾಗಿಲ ಹೊರಗೆ ನಿಲ್ಲಿಸುವುದೆಂದರೇನು? ಆದರೂ ನಿಂತೆ. ಪ್ರೊಫೆಸರರ ಕೋಣೆಯ ಕಿಟಕಿ ತೆರೆದಿತ್ತು, ಒಳಗಿನ ಮಾತು ಕೇಳುತ್ತಿತ್ತು.

ಪ್ರೊಫೆಸರರು ಬಹಳ ಹೊತ್ತು ಓದಿದರು. “ಟೆಸ್ಟಿನ ಬಗ್ಗೆ ನಾನೊಬ್ಬನೇ ಹೇಳಲಾರೆ. ಮುಖ್ಯಸ್ಥರನ್ನು ಕೇಳಿ ಬರ್ತೇನೆ,” ಎಂದು ಎದ್ದು ಹೋದರು. ಆಗ ಕಾದಷ್ಟು ಮುಹೂರ್ತಕ್ಕೂ ನಾನು ಕಾಯಲಿಲ್ಲ. ವಾಪಸು ಬಂದವರು, “ಮದುವೆ ಕಳೆದ ಮೇಲಿನ ಬುಧವಾರ ಟೆಸ್ಟು ಬರೀರಿ. ಹಾಜರಾತಿ ಮಾತ್ರ ಕೊಡಲಿಕ್ಕಾಗೂದಿಲ್ಲ, ಇನ್ನುಳಿದ ತರಗತಿ ತಪ್ಪಿಸಬೇಡಿ,” ಎಂದರು.

“ಆತು ಸರ್.”

“ಆದರೆ ಈ ಕೊನೇ ಸಾಲು ಯಾರು ಬರೆಸಿದ್ದು? ಅಣ್ಣನ ಮದುವೆಲಿ ಕೂತು ಯಾರಾದ್ರೂ ಕಾಸ್ಟ್ ಅಕೌಂಟಿಂಗ್ ಲೆಕ್ಕ ಮಾಡ್ತಾರಾ?”

ತಂಗಿ ಕಿಟಕಿಯ ಕಡೆ ನೋಡಿದಳು, ನನ್ನ ಹೆಸರು ಹೇಳಲಿಲ್ಲ. “ಸೋಮವಾರ ಸಂಜೆಗೆ ಕೊಡ್ತೇನೆ ಸರ್.” ಅವರು ಆ ಸಾಲು ಹೊಡೆದುಹಾಕಿ, ಸೋಮವಾರ ಎಂದು ಬರೆದು ಸಹಿ ಹಾಕಿದರು.

ಆಮೇಲೆ ಅವಳೇ ಬಾಗಿಲಿಗೆ ಬಂದು ಕರೆದಳು. “ಬಾ ಅಣ್ಣಾ, ಈಗ ಕರಿ.” ಪ್ರೊಫೆಸರರು ಕುರ್ಚಿಯಿಂದ ಎದ್ದು ಎರಡೂ ಕೈಯಲ್ಲಿ ಪತ್ರಿಕೆ ತೆಗೆದುಕೊಂಡರು. “ಬರಬೇಕು ಅಂತ ಆಸೆಯೇ. ಆ ದಿನ ಟೆಸ್ಟ್ ನಡೆಸುವವನು ನಾನೇ ಅಲ್ವಾ,” ಎಂದು ನಕ್ಕರು. ಎಂಟನೇ ತರಗತಿ ಬಿಟ್ಟ ಮೇಲೆ ಒಬ್ಬ ಮಾಸ್ತರರ ಎದುರು ನಾನು ತಲೆಯೆತ್ತಿ ನಿಂತದ್ದು ಅವತ್ತೇ. ಕೈಮುಗಿದೇ ಒಳಗೆ ಹೋಗಿದ್ದರೆ ಹಾಗೆ ನಿಲ್ಲಲು ಆಗುತ್ತಿರಲಿಲ್ಲ.

ಶುಕ್ರವಾರ ತಂಗಿ ಕಳಸ ಹಿಡಿದಳು. ಸೋಮವಾರ ಮದರಂಗಿ ಕೈಯಲ್ಲೇ ಅಸೈನ್‌ಮೆಂಟು ಕೊಟ್ಟಳು, ಬುಧವಾರ ಟೆಸ್ಟು ಬರೆದಳು. ನಾನೂ ಗಿರಾಕಿಗಳಿಗೆ ಆಗುವ ದಿನವನ್ನೇ ಹೇಳುವುದನ್ನು ಕಲಿತೆ.

ಈಗ ನನಗಿರುವುದು ಸ್ವಂತದ ಒಂದು ಶಾಪು, ಎರಡು ವೆಲ್ಡಿಂಗ್ ಮಷಿನ್, ಹೆಂಡತಿ, ಒಬ್ಬಳು ಮಗಳು, ಎಂ.ಕಾಂ. ಪಾಸಾದ ಒಬ್ಬಳು ತಂಗಿ.