ಚಹಾ ಚೆಲ್ಲದಂತೆ ಮೂರು ನಿಮಿಷ

ಬಿಸಿಯೂಟ ಮುಗಿಸಿ ಬಂದ ಐದನೆಯ ತರಗತಿಯ ಮಕ್ಕಳ ಗಮನವನ್ನು ಮರಳಿ ಗಣಿತದ ಕಡೆಗೆ ತಿರುಗಿಸಲು ನಾನು ಕೈಗೊಂಡ ಕ್ರಮದ ಕುರಿತು, ನೆನಪಿರುವಷ್ಟನ್ನು ಯಥಾವತ್ತಾಗಿ ಇಲ್ಲಿ ನಿವೇದಿಸುತ್ತಿದ್ದೇನೆ.

ಸುರಪುರದ ನಮ್ಮ ಶಾಲೆಯಲ್ಲಿ ನನ್ನ ತರಗತಿಗೂ ಮುಖ್ಯಗುರುಗಳ ತರಗತಿಗೂ ನಡುವೆ ಇರುವುದು ಹಲಗೆಯ ಅಡ್ಡಗೋಡೆ ಮಾತ್ರ. ಊಟವಾದ ಮೇಲಿನ ಮೊದಲ ಅವಧಿ ಗಣಿತದ್ದು. ಅನ್ನ ಸಾರು ಉಂಡು ಬಂದವರಲ್ಲಿ ಅರ್ಧ ಜನ ತೂಕಡಿಸುವರು, ಉಳಿದರ್ಧ ಜನ ತೂಕಡಿಸುವವರನ್ನು ಚಿವುಟುವರು. ಪಾಠಕ್ಕೆ ಮೊದಲು ಸ್ವಲ್ಪ ಹೊತ್ತು ಮೈ ಆಡಿಸಿದರೆ ಗಮನ ಮರಳುತ್ತದೆ ಎಂಬುದನ್ನು ತರಬೇತಿಯೊಂದರಲ್ಲಿ ಕೇಳಿದ್ದೆನಾದ್ದರಿಂದ, ನಿಂತಲ್ಲೇ ಜಿಗಿದು, ಚಪ್ಪಾಳೆ ಹೊಡೆದು, ತಟ್ಟನೆ ಕೂಡುವ ಆಟವನ್ನು ಆರಂಭಿಸಿದೆ.

ನಮ್ಮ ಮಕ್ಕಳು ಎರಡು ಕಡೆಯವರು: ಕೆಲವರು ರಂಗಂಪೇಟೆಯವರು, ಕೆಲವರು ಸುರಪುರದವರು. ಈ ಎರಡು ಕಡೆಯವರ ಮುಂದೆ ನೀರು ಕುಡಿಯುವ ಕೆಲಸವನ್ನಿಟ್ಟರೂ ಅದು ಪಂದ್ಯವಾಗುತ್ತದೆ.

"ಪೇಟಿಯವ್ರು ಸೋತ್ರು! ಇನ್ನಾ ನಿಂತಾರ ನೋಡ್ರಿ ಮೇಡಂ!"

"ಏ ಸುಳ್ಳ, ನೀವು ಜಿಗಿಯೋದ್ರೊಳಗ ನಾವು ಕುಂತಿದ್ವಿ!"

ಆಟ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು; ಗೆದ್ದವರು ಯಾರೆಂಬ ವಾದ ಗಂಟೆ ಬಾರಿಸುವವರೆಗೂ ಮುಗಿಯುತ್ತಿರಲಿಲ್ಲ. ಒಂದು ದಿನ ಉಂಡ ಮೇಲೆ ಜಿಗಿದು ಹೊಟ್ಟೆ ಹಿಡಿದುಕೊಂಡ ಹುಡುಗಿಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದೆ. ಆಗಲೇ ಮುಖ್ಯಗುರುಗಳು ಬಾಗಿಲಿಗೆ ಬಂದರು.

"ಏನ್ರಿ ಮೇಡಂ, ಕ್ಲಾಸ್ ನಡದದೋ ಕಬಡ್ಡಿ ನಡದದೋ? ನಾಳಿಂದ ಇದು ಬಂದ್ ಮಾಡ್ರಿ. ಊಟ ಆದಮ್ಯಾಲ ಸುಮ್ಮ ಕಾಪಿ ಬರಸ್ರಿ."

ಬೆಳಗಿನ ಅವಧಿಗಳೆಲ್ಲ ಭರ್ತಿಯಾಗಿದ್ದವು. ಕಾಪಿ ಬರೆಸಿದರೆ ಗಣಿತಕ್ಕೆ ಬೇರೆ ಜಾಗವಿರಲಿಲ್ಲ. ಭಿನ್ನರಾಶಿ ಆಗತಾನೇ ಆರಂಭವಾಗಿತ್ತು. ಒಂದು ವಾರದ ಕಾಲಾವಕಾಶ ಕೋರಿದೆ.

"ಒಂದ್ ವಾರ. ಮತ್ತ ಗದ್ದಲ ಕೇಳಿಸ್ತಂದ್ರ ನಾನು ಒಳಗ ಬರ್ತೀನಿ" ಎಂದರು.

ಆ ಭಾನುವಾರ ತವರೂರಾದ ಸಗರಕ್ಕೆ ಹೋಗಿದ್ದೆ. ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸರು ಎಡಗಡೆಯ ಕಾಯಿಗೆ ಬಲಗೈ, ಬಲಗಡೆಯ ಕಾಯಿಗೆ ಎಡಗೈ ಚಾಚಿ, ಅವಸರವಿಲ್ಲದೆ ಉಡಿ ತುಂಬುತ್ತಿದ್ದರು. ಚಹಾ ಬಂದಾಗ ಬಸಿಗೆ, ಅಂದರೆ ಕಪ್ಪಿನ ಕೆಳಗಿನ ತಟ್ಟೆಗೆ, ಸುರಿದುಕೊಂಡು ಊದತೊಡಗಿದರು. ಅಷ್ಟು ಹೊತ್ತು ಬಾಯಿ ಮುಚ್ಚದವರು ಆಗ ಒಂದು ಮಾತನ್ನೂ ಆಡಲಿಲ್ಲ. ನನಗೆ ಬೇಕಾದದ್ದು ಅಲ್ಲಿಯೇ ಇತ್ತು.

ಸೋಮವಾರ ಮೊದಲ ಲೆಕ್ಕವನ್ನು ಕರಿಹಲಗೆಯ ಮೇಲೆ ಮುಂಚೆಯೇ ಬರೆದಿಟ್ಟೆ. ಚಪ್ಪಾಳೆಯ ಒಂದೇ ಸನ್ನೆಗೆ ಮಕ್ಕಳು ತಮ್ಮ ತಮ್ಮ ಜಾಗದಲ್ಲೇ ಎದ್ದು ನಿಂತರು. ಮೊದಲು ಎತ್ತರದ ಗಿಡದ ಹತ್ತಿ ಬಿಡಿಸುವ ನಟನೆ, ಕೈಗಳನ್ನು ಅಡ್ಡಹಾಯಿಸಿ, ದೊಡ್ಡದಾಗಿ. ಬಳಿಕ ಸಣ್ಣ ಗಿಡ, ನಿಧಾನವಾಗಿ. ಕೊನೆಗೆ ಬೆರಳುಗಳು ಮಾತ್ರ. ಅನಂತರ ಕುಳಿತು, ಜೋಡಿಸಿದ ಅಂಗೈಗಳೇ ಬಸಿ: ಮೂಗಿನಿಂದ ಉಸಿರೆಳೆದು, ಚಹಾ ಚೆಲ್ಲದಂತೆ ಉದ್ದಕ್ಕೆ ಊದುವುದು. ಮಾತಾಡಿದರೆ ಚೆಲ್ಲುತ್ತದೆ. "ಬಸಿ ಕೆಳಗಿಡ್ರಿ" ಎಂದೊಡನೆ ಪೆನ್ಸಿಲು ಹಿಡಿದು ಮೊದಲ ಲೆಕ್ಕ. ಗೆಲ್ಲುವವರಿಲ್ಲ, ಸೋಲುವವರಿಲ್ಲ. ಎಲ್ಲವೂ ಮೂರು ನಿಮಿಷದೊಳಗೆ.

ಮೊದಲ ದಿನ ಒಬ್ಬ ಬೇಕೆಂದೇ "ಚೆಲ್ತು!" ಎಂದು ಕೂಗಿ ನಗಿಸಿದ. ನಾನು ನನ್ನ ಬಸಿಯನ್ನು ಊದುತ್ತಲೇ ಇದ್ದೆ. ಮರುದಿನವೂ ಅದೇ ಕ್ರಮ, ಅದೇ ಮಾತು. ಬುಧವಾರದ ಹೊತ್ತಿಗೆ ಮುಂದೇನೆಂದು ನಾನು ಹೇಳಬೇಕಾಗಿರಲಿಲ್ಲ.

ವಾರದ ಕೊನೆಗೆ ಮುಖ್ಯಗುರುಗಳು ಒಳಗೆ ಬಂದೇಬಿಟ್ಟರು. ಮಕ್ಕಳು ಅಂಗೈ ಜೋಡಿಸಿ ಊದುತ್ತಿದ್ದರು.

"ಯಾಕ್ರಿ ಮೇಡಂ, ಏನೂ ಸಪ್ಪಳಾನ ಇಲ್ಲ? ಹುಡುಗ್ರು ಎಲ್ಲಿ ಹೋದ್ರು ಅಂತ..."

ಅಂದು ಹೊಟ್ಟೆ ಹಿಡಿದುಕೊಂಡು ಕುಳಿತಿದ್ದ ಹುಡುಗಿಯೇ ಮೊದಲ ಸಾಲಿನಿಂದ ಮೆಲ್ಲಗೆ ಹೇಳಿದಳು: "ಸರ್, ಮಾತಾಡಬ್ಯಾಡ್ರಿ. ನಿಮ್ಮ ಚಹಾ ಚೆಲ್ಲಾಕತ್ತದ."

ಅವರು ಅವಳನ್ನು ನೋಡಿದರು, ಸುತ್ತಲಿನ ಬಸಿಗಳನ್ನು ನೋಡಿದರು, ತಮ್ಮ ಖಾಲಿ ಕೈಗಳನ್ನೂ ನೋಡಿಕೊಂಡರು. ಬಳಿಕ ಅಂಗೈ ಜೋಡಿಸಿ, ಬಾಗಿಲಲ್ಲೇ ನಿಂತು ಊದಿದರು. ನಾನು "ಬಸಿ ಕೆಳಗಿಡ್ರಿ" ಎಂದೆ. ಪೆನ್ಸಿಲುಗಳು ಮೇಲೆದ್ದವು. ಮೊದಲ ಲೆಕ್ಕಕ್ಕೆ ಉತ್ತರಗಳು ಬರತೊಡಗುವವರೆಗೂ ಅವರು ನಿಂತೇ ಇದ್ದರು.

"ಗಣಿತ ಇಲ್ಲೇ ಇರ್ಲಿ ಬಿಡ್ರಿ" ಎಂದು ಹೊರಟವರು, ಮತ್ತೆ ಇಣುಕಿದರು. "ನಿಮ್ಮ ಹುಡುಗ್ರು ಅಂಗಳದಾಗ ಹತ್ತಿ ಬಿಡಸ್ತಿದ್ರಲ್ಲ, ಅದು ಮೊದಲೋ, ಚಹಾ ಮೊದಲೋ?"

"ಹತ್ತಿ ಮೊದಲ್ರಿ ಸರ್. ಕೆಲಸ ಮಾಡ್ದೆ ಯಾರ್ ಚಹಾ ಕೊಡ್ತಾರ?" ಎಂದು ಹಿಂದಿನ ಸಾಲಿನಿಂದ ರಂಗಂಪೇಟೆಯವನೊಬ್ಬ ಉತ್ತರಿಸಿದ. ಸುರಪುರದವರು ಯಾರೂ ಅದಕ್ಕೆ ತಕರಾರು ಮಾಡಲಿಲ್ಲ.

ಮುಂದಿನ ಸೋಮವಾರ ಊಟ ಮುಗಿದ ಗಂಟೆಯಾದ ಮೇಲೆ ಅಡ್ಡಗೋಡೆಯ ಆಚೆಯಿಂದಲೂ ಒಂದು ಚಪ್ಪಾಳೆ, ಆ ಮೇಲೆ ಉದ್ದನೆಯ ಉಸಿರು ಕೇಳಿಬಂತು.